ಸ್ಟಾಪ್ ಹೊಡೆದ ಮೇಲಿನ ಅರ್ಧ ಗಂಟೆ

ದಾವಣಗೆರೆ, 12 ನವೆಂಬರ್ 2025, ಬುಧವಾರ

ಬೆಳಿಗ್ಗೆ 612 ರೂಪಾಯಿಗೆ 400 ಶೇರು ತಗೊಂಡಿದ್ದೆ, ಇಂಟ್ರಾಡೇಗೆ, ಅಂದರೆ ಅದೇ ದಿನ ಮಾರಿಬಿಡೋಕೆ. ಬೆಲೆ ಇಲ್ಲಿಗೆ ಇಳಿದರೆ ತಾನೇ ಮಾರಾಟವಾಗಲಿ ಅಂತ ಇಟ್ಟ ಸ್ಟಾಪ್‌ಲಾಸ್ 607. ಖಾತೆಯಲ್ಲಿರುವುದು 2 ಲಕ್ಷ. ಒಂದು ಟ್ರೇಡಿನಲ್ಲಿ ಶೇಕಡಾ 1, ಅಂದರೆ 2,000 ಹೋದರೆ ಹೋಗಲಿ ಅನ್ನೋದು ನನ್ನ ಲೆಕ್ಕ. ಐದು ರೂಪಾಯಿ ಅಂತರಕ್ಕೆ 400 ಶೇರು ಬಂದದ್ದು ಹಾಗೆ. 10:40ಕ್ಕೆ ಸ್ಟಾಪ್ ಹೊಡೆದು 606.80ಕ್ಕೆ ಮಾರಾಟವಾಯಿತು. 2,080 ಹೋಯಿತು, ಬ್ರೋಕರೇಜ್, ತೆರಿಗೆ ಬೇರೆ. ಅದು ಸರಿ. ಆದರೆ ಸ್ವಲ್ಪ ಹೊತ್ತಿಗೆ ಅದೇ ಶೇರು 613! ಹೊಟ್ಟೆ ಉರಿಯದೆ ಇರುತ್ತಾ?

ಎಪಿಎಂಸಿಯ ದಲಾಲಿ ಅಂಗಡಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಮೆಕ್ಕೆಜೋಳದ ಸೀಸನ್ ಇದ್ದರೂ ಅವನ ಕಣ್ಣು ಚಾರ್ಟ್ ಮೇಲೆಯೇ.

“ಅಣ್ಣಾ, ನಮ್ಮ ಸ್ಟಾಪ್ ತಿಂದೇ ಮೇಲೆ ಹೋಯ್ತು ನೋಡು. 800 ತಗೋ. ಎರಡೂವರೆ ರೂಪಾಯಿ ಏರಿದ್ರೆ ಸಾಕು, ಹೋಗಿದ್ದು ಬಂತು.”

ನನ್ನ ತಲೆಯಲ್ಲೂ ಅದೇ 800 ಓಡುತ್ತಿತ್ತು. ಕಳೆದದ್ದನ್ನು ಕೋಪದಲ್ಲಿ ವಾಪಸ್ ಪಡೆಯಲು ಮಾಡುವ ಸೇಡಿನ ಟ್ರೇಡ್ ಗುರುತು ಸಿಗುವುದು ಇಲ್ಲೇ. 400 ಬಂದದ್ದು ಸ್ಟಾಪ್ ಎಷ್ಟು ದೂರ ಅನ್ನೋದರಿಂದ. 800 ಬಂದದ್ದು ಎಷ್ಟು ಕಳೆದೆ ಅನ್ನೋದರಿಂದ. ಶೇರಿನ ಬಗ್ಗೆ ಹೊಸದೇನೂ ಗೊತ್ತಾಗಿಲ್ಲ, ಕೋಪ ಮಾತ್ರ ಹೊಸದು. ಅದೇ ಐದು ರೂಪಾಯಿ ಸ್ಟಾಪ್ ಮತ್ತೆ ಹೊಡೆದರೆ ಇನ್ನೂ 4,000 ಹೋಗುತ್ತದೆ. ಒಂದೇ ಬೆಳಿಗ್ಗೆ ಶೇಕಡಾ 3. ಇಂಥ ಹೊತ್ತಲ್ಲಿ ಸ್ಟಾಪ್ ಹಾಕುವವರೂ ಕಡಿಮೆ ಬಿಡಿ. ಆಪ್ ಏನೂ ತಡೆಯುವುದಿಲ್ಲ, ಖಾತೆಯ ಹಣಕ್ಕಿಂತ ಜಾಸ್ತಿ ಕೊಳ್ಳಲು ಬಿಡುವ ಇಂಟ್ರಾಡೇ ಮಾರ್ಜಿನ್ ಇರುವುದರಿಂದ 800 ಆರಾಮವಾಗಿ ಸಿಗುತ್ತದೆ.

ಹಾಗಂತ ಸ್ಟಾಪ್ ಹೊಡೆದ ಶೇರನ್ನು ಮತ್ತೆ ಕೊಳ್ಳಲೇಬಾರದು ಅಂತಲ್ಲ. ಬೆಳಗಿನ ಟ್ರೇಡ್ ಆಗಿರದಿದ್ದರೆ ಈಗ ಈ ಬೆಲೆಗೆ ಕೊಳ್ಳುತ್ತಿದ್ದೆನಾ? ಇದಕ್ಕೆ ಉತ್ತರ ಆ ಬಿಸಿಯಲ್ಲಿ ಯಾವಾಗಲೂ “ಹೌದು” ಅಂತಲೇ ಬರುತ್ತದೆ, ಅದಕ್ಕೇ ಗಡಿಯಾರ ಬೇಕು.

ಇವತ್ತು ಇಬ್ಬರೂ ಒಪ್ಪಿಕೊಂಡದ್ದು ಹೀಗೆ. ಸ್ಟಾಪ್ ಹೊಡೆದ ಕೂಡಲೇ ಬಾಕಿ ಆರ್ಡರ್ ಎಲ್ಲ ರದ್ದು, 30 ನಿಮಿಷ ಹೊಸ ಆರ್ಡರ್ ಇಲ್ಲ, ಆಪ್‌ನಿಂದ ಲಾಗೌಟ್. ಚಾರ್ಟ್ ನೋಡುತ್ತಾ ಕೂತರೆ ಅದು ಕಾಯುವುದಲ್ಲ, ಉರಿಗೆ ತುಪ್ಪ ಹಾಕಿದಂತೆ. ಮತ್ತೆ ಕೊಳ್ಳುವ ಮೊದಲು ಬೆಲೆ, ಸ್ಟಾಪ್, ಎಷ್ಟು ಶೇರು, ಮೂರನ್ನೂ ಪುಸ್ತಕದಲ್ಲಿ ಬರೆಯಬೇಕು. ಮೊದಲಿಗಿಂತ ಒಂದು ಶೇರೂ ಜಾಸ್ತಿ ಇಲ್ಲ. ಎರಡನೇ ಸ್ಟಾಪೂ ಹೊಡೆದರೆ ಕಿಲ್ ಸ್ವಿಚ್. ನನ್ನ ಆಪ್‌ನಲ್ಲಿ ಅದನ್ನು ಒತ್ತಿದರೆ ಆ ದಿನ ನಾನೇ ಬೇಡಿಕೊಂಡರೂ ಟ್ರೇಡ್ ತೆರೆಯುವುದಿಲ್ಲ.

“ಮಧ್ಯಾಹ್ನ ಎರಡೂಮುಕ್ಕಾಲಿಗೆ ಹೊಡೆದ್ರೆ?” ಅಂದ. ಅರ್ಧ ಗಂಟೆ ಮುಗಿಯುವಷ್ಟರಲ್ಲಿ 3:15, ಅಷ್ಟೊತ್ತಿಗೆ ಬ್ರೋಕರ್ ತಾನೇ ಇಂಟ್ರಾಡೇ ಮುಚ್ಚುವ ಸಮಯ ಬಂದಿರುತ್ತದೆ. ಆಗ ಆ ದಿನ ಮುಗೀತು ಅಂದೆ. ಅವನಿಗೆ ಅಷ್ಟು ಇಷ್ಟವಾಗಲಿಲ್ಲ.

11:10ಕ್ಕೆ ಲಾಗಿನ್ ಆದಾಗ ಶೇರು 609. ಪುಸ್ತಕದಲ್ಲಿ ಬರೆಯುವಂಥದ್ದು ಏನೂ ಕಾಣಲಿಲ್ಲ, ಬಿಟ್ಟೆ.