ಸೀರೆಗೂ ಮುಂಚಿನ ಊರು: ಶಿಡ್ಲಘಟ್ಟದ ಶನಿವಾರ, ಇಲ್ಲಿವರೆಗೆ ಆಗಿದ್ದು

ಬೆಂಗಳೂರಿನವರನ್ನು ಶನಿವಾರ ಶಿಡ್ಲಘಟ್ಟಕ್ಕೆ ಕರೆಸಿ, ರೇಷ್ಮೆ ಹೇಗಾಗುತ್ತೆ ಅಂತ ತೋರಿಸುವ ಕೆಲಸ ಹಿಡಿದು ಐದು ತಿಂಗಳಾಯ್ತು. ಮಧ್ಯೆ ಬರೆದಿಟ್ಟುಕೊಂಡಿದ್ದನ್ನೆಲ್ಲ ಒಂದು ಕಡೆ ಸೇರಿಸುತ್ತಿದ್ದೇನೆ. ಸಣ್ಣ ಊರಿನವರು ಯಾರಾದರೂ ಇಂಥದ್ದಕ್ಕೆ ಕೈಹಾಕಿದರೆ ಉಪಯೋಗಕ್ಕೆ ಬರಬಹುದು.

ನಾನು ಇರುವುದು ಯಲಹಂಕದಲ್ಲಿ. ಡಬ್ಬ, ಲೇಬಲ್ಲು, ಅಂಗಡಿ ಬೋರ್ಡುಗಳ ಡಿಸೈನ್ ಮಾಡುವುದು ನನ್ನ ಕಸುಬು. ಹುಟ್ಟೂರು ಶಿಡ್ಲಘಟ್ಟದ ಪಕ್ಕದ ಹಳ್ಳಿ. ದೇವನಹಳ್ಳಿ, ವಿಜಯಪುರ ದಾಟಿಕೊಂಡು ಬೈಕಿನಲ್ಲಿ ಹೋದರೆ ಒಂದೂವರೆ ಗಂಟೆ ದಾರಿ. ಊರಿನ ನಾಲ್ಕೈದು ಹುಡುಗರು ಒಂದು ದಿನ ಫೋನ್ ಮಾಡಿ, "ಅಣ್ಣ, ವೀಕೆಂಡ್ ಬಂದರೆ ಬೆಂಗಳೂರೆಲ್ಲ ನಂದಿ ಬೆಟ್ಟಕ್ಕೆ ಬರುತ್ತೆ, ಆದಿಯೋಗಿ ನೋಡೋಕೆ ಚಿಕ್ಕಬಳ್ಳಾಪುರಕ್ಕೆ ಬರುತ್ತೆ, ನಮ್ಮೂರಿಗೆ ಯಾರೂ ತಿರುಗಲ್ಲ, ಒಂದು ಪೋಸ್ಟರ್ ಮಾಡಿಕೊಡಿ" ಅಂದರು. ಶುರುವಾಗಿದ್ದು ಅಷ್ಟರಿಂದಲೇ.

ಮೊದಲನೇ ತಿಂಗಳು: ಎಸೆದ ಪೋಸ್ಟರ್

ಮೊದಲು ಮಾಡಿದ ಪೋಸ್ಟರ್‌ನಲ್ಲಿ ಒಂದು ಬೆಟ್ಟ, ಮಂಜು, ಕೆಳಗೆ "ಪ್ರಕೃತಿಯ ಮಡಿಲಲ್ಲಿ ಶಿಡ್ಲಘಟ್ಟ" ಅಂತ ಇತ್ತು. ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಊರಿನ ಹೆಸರು ತೆಗೆದು ಮಧುಗಿರಿ ಅಂತ ಹಾಕಿದೆ, ಸರಿಹೋಯ್ತು. ಮಾಗಡಿ ಅಂತ ಹಾಕಿದೆ, ಅದೂ ಸರಿಹೋಯ್ತು. ಯಾವ ಊರಿಗಾದರೂ ಹೊಂದುವ ಮಾತು ಯಾವ ಊರಿನದೂ ಅಲ್ಲ, ಅಲ್ವಾ? ಅದನ್ನು ಅಲ್ಲಿಗೇ ಬಿಟ್ಟೆ. ಹುಡುಗರು ಕೇಳಿದ್ದ ಬಣ್ಣದ ದೊಡ್ಡ ಅಕ್ಷರಗಳ ಸೆಲ್ಫಿ ಪಾಯಿಂಟನ್ನೂ ಅದರ ಜೊತೆಗೇ ಬಿಟ್ಟೆವು.

ಆಮೇಲೆ ಬೆಂಗಳೂರಿನ ಇಪ್ಪತ್ತು ಗೆಳೆಯರಿಗೆ ಶಿಡ್ಲಘಟ್ಟ ಅಂದರೆ ಏನು ನೆನಪಾಗುತ್ತೆ ಅಂತ ಕೇಳಿದೆ. ಹೆಚ್ಚಿನವರಿಗೆ ಏನೂ ಇಲ್ಲ. ರೇಷ್ಮೆ ಅಂದವರು ಮೂರೇ ಜನ. ರೇಷ್ಮೆ ಅಂದರೆ ಯಾವ ಊರು ಅಂತ ತಿರುಗಿಸಿ ಕೇಳಿದರೆ ಮೈಸೂರು, ಕಂಚಿ. ಒಬ್ಬನ ಮನೆ ಇರುವುದೇ ಬಸವನಗುಡಿಯ ಟಾಟಾ ಸಿಲ್ಕ್ ಫಾರ್ಮ್ ಹತ್ತಿರ. 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ಪದ್ಧತಿಯಲ್ಲಿ ರೇಷ್ಮೆ ತೋಟ ಮಾಡಿಸಿದ್ದಕ್ಕೆ ಆ ಹೆಸರು ಬಂತು ಅಂತ ನಾನು ಹೇಳುವ ತನಕ ಅವನಿಗೂ ಗೊತ್ತಿರಲಿಲ್ಲ. ಸೀರೆ ಎಲ್ಲರಿಗೂ ಗೊತ್ತು. ಅದು ಸೀರೆ ಆಗೋಕೆ ಮೊದಲು ಏನಾಗಿತ್ತು ಅನ್ನೋದು ಯಾರಿಗೂ ಗೊತ್ತಿಲ್ಲ.

ನಮ್ಮೂರು ಅದೇ ತಾನೆ. ಇಲ್ಲಿ ಹಿಪ್ಪುನೇರಳೆ ಸೊಪ್ಪಿದೆ, ಹುಳು ಇದೆ, ಗೂಡಿನ ಮಾರುಕಟ್ಟೆ ಇದೆ, ಗಲ್ಲಿಗಳಲ್ಲಿ ನೂಲು ಬಿಚ್ಚುವ ಘಟಕಗಳಿವೆ. ನೇಯುವುದು ಬೇರೆ ಊರಿನವರು. "ಸೀರೆಗೂ ಮುಂಚಿನ ಊರು" ಅನ್ನುವ ಸಾಲು ಹುಟ್ಟಿದ್ದು ಹಾಗೆ. ಹೆಸರು ಬದಲಿಸಿ ನೋಡಿದರೆ ಈ ಸಾಲು ರಾಮನಗರಕ್ಕೂ ಹೊಂದುತ್ತೆ, ಅಲ್ಲೂ ದೊಡ್ಡ ಗೂಡಿನ ಮಾರುಕಟ್ಟೆ ಇದೆ. ಆದರೆ ರಾಮನಗರಕ್ಕೆ ಹೋಗುವವರು ಬಂಡೆ ಹತ್ತೋಕೆ ಹೋಗುತ್ತಾರೆ. ಹಾಗಾಗಿ ಈ ಜಾಗ ಖಾಲಿ ಇದೆ ಅಂತ ಧೈರ್ಯ ಮಾಡಿದೆ.

ಎರಡನೇ ತಿಂಗಳು: ಚಂದ್ರಿಕೆ

ಗುರುತಿಗೆ ಜಾಸ್ತಿ ಹುಡುಕಬೇಕಾಗಲಿಲ್ಲ. ಚಿಕ್ಕಪ್ಪನ ಮನೆ ಗೋಡೆಗೆ ಒರಗಿಸಿದ್ದ ಚಂದ್ರಿಕೆಯೇ ಸಿಕ್ಕಿತು. ದುಂಡನೆಯ ಬಿದಿರು ತಟ್ಟಿ, ಅದರ ಮೇಲೆ ನಡುವಿನಿಂದ ಅಂಚಿನ ತನಕ ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿ. ಹಣ್ಣಾದ ಹುಳುಗಳನ್ನು ಇದರ ಮೇಲೆ ಬಿಟ್ಟರೆ ಆ ಸುರುಳಿಯ ಸಂದಿಯಲ್ಲೇ ಗೂಡು ಕಟ್ಟುತ್ತವೆ. ಈಗ ಪ್ಲಾಸ್ಟಿಕ್ ನೇತ್ರಿಕೆಗಳೂ ಬಂದಿವೆ, ಆದರೆ ಚಂದ್ರಿಕೆಯನ್ನು ಒಂದೇ ಗೆರೆಯಲ್ಲಿ ಬರೆಯಬಹುದು. ಗೋಡೆ ಬರಹದವರಿಗೂ ಕಷ್ಟ ಆಗಬಾರದು ಅಂತ ಎರಡೇ ಬಣ್ಣ ಇಟ್ಟೆ, ಮಿಶ್ರತಳಿ ಗೂಡಿನ ತಿಳಿ ಹಳದಿ ಮತ್ತು ಹಿಪ್ಪುನೇರಳೆ ಎಲೆಯ ಹಸಿರು.

ಸಣ್ಣ ವಿಷಯ ಒಂದು. ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಕೆಲವರು Sidlaghatta ಅಂತ, ಕೆಲವರು Shidlaghatta ಅಂತ ಟೈಪ್ ಮಾಡುತ್ತಾರೆ. ಒಂದನ್ನೇ ಹಾಕಿದರೆ ಇನ್ನೊಂದರಲ್ಲಿ ಹುಡುಕುವವರಿಗೆ ನಾವು ಸಿಗದೇ ಹೋಗಬಹುದು. ಹಾಗಾಗಿ ನಮ್ಮ ಪುಟದ ವಿವರಣೆಯಲ್ಲಿ ಎರಡೂ ಇವೆ. ಬೋರ್ಡಿನಲ್ಲಿ ಮಾತ್ರ ಕನ್ನಡ ದೊಡ್ಡದಾಗಿದೆ.

ಮೂರನೇ ತಿಂಗಳು: ಚಿಕ್ಕಪ್ಪ ಬೇಡ ಅಂದಿದ್ದು

ಬೆಂಗಳೂರಿನವರಿಗೆ ಹುಳು ಮನೆ ತೋರಿಸೋಣ ಅಂದೆ. ಚಿಕ್ಕಪ್ಪ ತಲೆಯೆತ್ತಿ ನೋಡಿ, "ನೀನೇ ಇಲ್ಲಿ ಬೆಳೆದವನು, ಹೀಗೆ ಕೇಳ್ತೀಯಲ್ಲೋ" ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಹುಳು ಮನೆಗೆ ಹೊರಗಿನ ಕಾಲು ಬಂದರೆ ರೋಗ ಬರುತ್ತೆ. ಹಾಲುತೊಂಡೆಯೋ ಸುಣ್ಣಕಟ್ಟೋ ಬಂದರೆ ಇಡೀ ಬೆಳೆಯೇ ಹೋಗಬಹುದು. ಸೆಂಟು, ಸೊಳ್ಳೆಬತ್ತಿ, ತಂಬಾಕು ಇವೆಲ್ಲ ಹುಳುವಿಗೆ ವಿಷ. ಬಾಗಿಲು ತೆಗೆದಿಟ್ಟರೆ ಊಜಿ ನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ.

ನಾನು ತಲೆಗೆ 350 ರೂಪಾಯಿ ಲೆಕ್ಕ ಹಾಕಿದ್ದೆ. ರೈತರಿಗೆ 100, ನೂಲಿನ ಘಟಕಕ್ಕೆ 80, ಊಟಕ್ಕೆ 120, ದಾರಿ ತೋರಿಸುವ ಹುಡುಗನಿಗೆ 50. ಹನ್ನೆರಡು ಜನ ಬಂದರೆ ಚಿಕ್ಕಪ್ಪನಿಗೆ 1,200. ಅವರು ಬೆರಳಲ್ಲೇ ಎಣಿಸಿದರು. "ನೂರು ಚಿಟ್ಟೆ ಇಟ್ಟ ಮೊಟ್ಟೆ ಸಾಕಿದರೆ ಅರವತ್ತು ಎಪ್ಪತ್ತು ಕೆಜಿ ಗೂಡು. ಕೆಜಿಗೆ 400 ಸಿಕ್ಕರೂ ಎಷ್ಟಾಯ್ತು ನೋಡು. ನಿನ್ನ ಸಾವಿರದ ಇನ್ನೂರಕ್ಕೆ ನಾನು ಅದನ್ನ ಪಣಕ್ಕಿಡಲಾ?" ಅರವತ್ತು ಕೆಜಿ ಅಂದರೂ 24,000. ನನ್ನ ಪ್ಲಾನಿನಲ್ಲಿ ಈ ಲೆಕ್ಕವೇ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಚಿಕ್ಕಮ್ಮ. ಊಜಿ ನೊಣಕ್ಕಂತ ಕಿಟಕಿಗೆ ನೈಲಾನ್ ಬಲೆ ಹಾಕಿಯೇ ಇದೆ, ಹೊರಗಿಂದ ನೋಡಲಿ, ಒಳಗೆ ಬೇಡ ಅಂದರು. ಈಗ ಅದೇ ನಿಯಮ. ಕಿಟಕಿ ಮುಂದೆ ನಾಲ್ಕು ಜನಕ್ಕೆ ಒಂದು ಬೆಂಚು ಹಾಕಿದ್ದೇವೆ. ನಾಲ್ಕು ಜನ ನೋಡುವಾಗ ಉಳಿದವರು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾರೆ. ಒಂದು ಸಲಕ್ಕೆ ಹನ್ನೆರಡಕ್ಕಿಂತ ಜಾಸ್ತಿ ಜನ ಬೇಡ ಅನ್ನುವುದೂ ಈ ಬೆಂಚಿನಿಂದಲೇ ತೀರ್ಮಾನವಾಯ್ತು.

ಗೂಡಿನ ಮಾರುಕಟ್ಟೆಯನ್ನು ನಾವೇ ಕೈಬಿಟ್ಟೆವು. ರೈತ ಒಂದು ತಿಂಗಳು ನಿದ್ದೆಗೆಟ್ಟ ಬೆಳೆಯ ಬೆಲೆ ಕೆಲವೇ ನಿಮಿಷದಲ್ಲಿ ತೀರ್ಮಾನವಾಗುವ ಜಾಗ ಅದು. ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು ಸರಿ ಅನ್ನಿಸಲಿಲ್ಲ.

ನಾಲ್ಕನೇ ತಿಂಗಳು: ಜ್ವರಕ್ಕೆ ಕೂತ ಹುಳು

ಮೊದಲ ಪ್ರಯೋಗಕ್ಕೆ ಹನ್ನೊಂದು ಜನ ಬಂದರು. ಎಲ್ಲರೂ ಬೆಂಗಳೂರಿನವರು, ಎಲ್ಲರೂ ಗೊತ್ತಿದ್ದವರು. ಪೋಸ್ಟರ್‌ನಲ್ಲಿ ನಾನು "ಮಳೆ ಸದ್ದು ಕೇಳಿ ಬನ್ನಿ" ಅಂತ ಬರೆದಿದ್ದೆ. ಐದನೇ ಹಂತದ ಹುಳು ಸೊಪ್ಪು ತಿನ್ನುವಾಗ ತಗಡಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು ಬರುತ್ತೆ. ಚಿಕ್ಕಂದಿನಲ್ಲಿ ನಾನು ಅದನ್ನು ಕೇಳಿಕೊಂಡೇ ಮಲಗುತ್ತಿದ್ದೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಕೊನೆಯ ಒಂದು ವಾರದಲ್ಲೇ ತಿನ್ನುತ್ತೆ.

ಅವತ್ತು ಸದ್ದೇ ಇಲ್ಲ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅಂದರೆ ಪೊರೆ ಬಿಡುವ ಹೊತ್ತು, ತಲೆ ಎತ್ತಿಕೊಂಡು ಅಲ್ಲಾಡದೆ ಒಂದು ದಿನದ ಮೇಲೆ ಹಾಗೇ ಇರುತ್ತವೆ, ತಿನ್ನಲ್ಲ. ಅದರ ಹಿಂದಿನ ವಾರ ರಾತ್ರಿ ಚಳಿ ಜಾಸ್ತಿ ಇದ್ದದ್ದಕ್ಕೆ ಹುಳು ನಿಧಾನವಾಗಿ ಬೆಳೆದು, ನಮ್ಮ ಲೆಕ್ಕ ಎರಡು ದಿನ ತಪ್ಪಿತ್ತು. ಹನ್ನೊಂದು ಜನ ಬಲೆಗೆ ಕಿವಿ ಹಚ್ಚಿ ನಿಂತರು. ನನಗೆ ಹೊಟ್ಟೆಯಲ್ಲಿ ಸಂಕಟ.

ಆ ದಿನ ಉಳಿದದ್ದು ನೂಲಿನ ಘಟಕದಿಂದ. ಅಲ್ಲಿನ ಭಾಯ್ ಒಬ್ಬೊಬ್ಬರ ಕೈಗೂ ಒಂದೊಂದು ಒಣಗಿದ ಗೂಡು ಕೊಟ್ಟು, ಕಿವಿ ಹತ್ತಿರ ಅಲ್ಲಾಡಿಸಿ ಅಂದರು. ಒಳಗೆ ಕಡಕಡ ಅನ್ನುತ್ತೆ, ಅದೇ ಕೋಶದ ಹುಳು. ಆಮೇಲೆ ಬಿಸಿನೀರಿಗೆ ಹಾಕಿ ಅಂಟು ಸಡಿಲ ಮಾಡಿದರು, ಬ್ರಷ್ಷಿನಿಂದ ಸವರಿ ಎಳೆಯ ತುದಿ ಹುಡುಕಿದರು, ಎಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಕೊಟ್ಟರು. ಒಂದು ಗೂಡಿನಲ್ಲಿ ಅರ್ಧ ಕಿಲೋಮೀಟರಿಗಿಂತ ಉದ್ದದ ಒಂದೇ ಎಳೆ ಇರುತ್ತೆ ಅಂದಾಗ ಎಲ್ಲರೂ ಗೂಡನ್ನು ಮತ್ತೆ ತಿರುಗಿಸಿ ನೋಡಿದರು.

ಒಂದು ಮಗು "ಒಳಗಿನ ಹುಳು ಸತ್ತೋಯ್ತಾ?" ಅಂತ ಕೇಳಿತು. ಹೌದು ಅಂತಲೇ ಹೇಳಿದೆವು. ಚಿಟ್ಟೆಯಾಗಿ ಹೊರಗೆ ಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತೆ, ಅದಕ್ಕೆ ಮೊದಲೇ ಬಿಸಿ ಕೊಟ್ಟು ಸಾಯಿಸುತ್ತಾರೆ. ಅಲ್ಲಿ ವಾಸನೆಯೂ ಜೋರು. ಈ ಎರಡನ್ನೂ ಈಗ ಬುಕ್ ಮಾಡುವಾಗಲೇ ಹೇಳುತ್ತೇವೆ. ಕೇಳಿದ ಮೇಲೆ ಇಬ್ಬರು ಬರಲ್ಲ ಅಂದರು. ಅವರು ಬಂದು ನೊಂದುಕೊಳ್ಳುವುದಕ್ಕಿಂತ ಅದು ಒಳ್ಳೆಯದು. ಕೆಲಸ ಮಾಡುವ ಹೆಂಗಸರ ಕೈ ಇಡೀ ದಿನ ಬಿಸಿನೀರಿನಲ್ಲೇ ಇರುತ್ತೆ, ಅವರನ್ನು ಕೇಳದೆ ಫೋಟೋ ತೆಗೆಯುವ ಹಾಗಿಲ್ಲ.

ಹೊರಡುವಾಗ ಎಲ್ಲರೂ ಸೀರೆ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಬೇರೆ ಊರಿಂದ ಸೀರೆ ತಂದು ಇಟ್ಟರೆ ಲಾಭ ಇದೆ ಅಂತ ಒಬ್ಬ ಹುಡುಗ ಹಠ ಮಾಡಿದ. ನಾನು ಒಪ್ಪಲಿಲ್ಲ. ಸೀರೆಗೂ ಮುಂಚಿನ ಊರು ಅಂತ ಕರೆದು ಸೀರೆ ಮಾರಿದರೆ ನಮ್ಮ ಮಾತು ನಾವೇ ಸುಳ್ಳು ಮಾಡಿದಂತೆ. ನೂಲು ಬಿಚ್ಚೋಕೆ ಬಾರದ ಗೂಡಿನಿಂದ ಮಾಡಿದ ಹಾರ, ಒಂದು ಸಣ್ಣ ಲಡಿ ಕಚ್ಚಾ ರೇಷ್ಮೆ, ಇವೆರಡೇ ಈಗ ಮಾರಾಟಕ್ಕೆ ಇರುವುದು.

ಐದನೇ ತಿಂಗಳು: ಹುಳು ಹೇಳಿದ ಶನಿವಾರ

ಐದನೇ ಹಂತ ಸುಮಾರು ಏಳು ದಿನ. ಏಳು ದಿನದಲ್ಲಿ ಶನಿವಾರ ಒಂದೇ ಬರುತ್ತೆ. ಅಂದರೆ ಒಬ್ಬ ರೈತನ ಒಂದು ಬೆಳೆಗೆ ಒಂದೇ ಶನಿವಾರ. ವರ್ಷಕ್ಕೆ ಆರು ಬೆಳೆ ತೆಗೆದರೂ ಆರೇ. ಈಗ ನಾಲ್ಕು ಮನೆಯವರು ಒಪ್ಪಿದ್ದಾರೆ, ಎಲ್ಲ ಸರಿಹೋದರೆ ವರ್ಷಕ್ಕೆ ಇಪ್ಪತ್ನಾಲ್ಕು. ಆದರೆ ಇಬ್ಬರ ಬೆಳೆ ಒಂದೇ ವಾರ ಬಿದ್ದರೆ ಒಂದು ಶನಿವಾರ ಹೋದ ಹಾಗೇ. ಹದಿನೆಂಟು ಸಿಕ್ಕರೆ ನನಗೆ ಸಾಕು.

ಹಾಗಾಗಿ ಪ್ರತಿ ವಾರ ಅನ್ನುವುದನ್ನೇ ಬಿಟ್ಟು, ದಿನ ಗೊತ್ತು ಮಾಡುವುದನ್ನು ಹುಳುವಿಗೇ ಬಿಟ್ಟೆವು. ಗುರುವಾರ ಸಂಜೆ ರೈತರಿಗೆ ಫೋನ್. ನಾಲ್ಕನೇ ಜ್ವರ ಬಿಟ್ಟು ಎದ್ದು ಸೊಪ್ಪು ತಿನ್ನೋಕೆ ಶುರು ಮಾಡಿದ್ದರೆ ಮಾತ್ರ ರಾತ್ರಿ "ಈ ಶನಿವಾರ ಹುಳು ತಿನ್ನುತ್ತಿದೆ" ಅಂತ ಹಾಕುತ್ತೇವೆ. ಇಲ್ಲದಿದ್ದರೆ "ಈ ವಾರ ಹುಳು ಮಲಗಿದೆ" ಅಂತ. ಎರಡು ದಿನ ಮುಂಚೆ ಹೇಳಿದರೆ ಯಾರೂ ಬರಲ್ಲ ಅಂತ ಹುಡುಗರಿಗೆ ಭಯ ಇತ್ತು. ಇಲ್ಲಿವರೆಗೆ ಮೂರು ಶನಿವಾರ ಕರೆದೆವು. ಒಂಬತ್ತು, ಹನ್ನೆರಡು, ಹನ್ನೆರಡು ಜನ ಬಂದರು. ಹೆಸರು ಬರೆಸಿ ಕಾಯುತ್ತಿರುವವರು ಇನ್ನೂ ಹದಿನಾಲ್ಕು ಜನ ಇದ್ದಾರೆ. ಊಟ ಮುದ್ದೆ, ಬಸ್ಸಾರು.

ಇನ್ನೂ ಬಗೆಹರಿಯದ್ದು ಟಾಯ್ಲೆಟ್ಟು. ಚಿಕ್ಕಪ್ಪನ ಮನೆಯಲ್ಲಿ ಇರುವುದು ಒಂದೇ, ಚಿಕ್ಕಮ್ಮನಿಗೆ ಕಷ್ಟ ಆಗುತ್ತಿದೆ. ಈ ತಿಂಗಳ ದುಡ್ಡು ಪೂರ್ತಿ ಅದಕ್ಕೇ ಅಂತ ಎಲ್ಲರೂ ಒಪ್ಪಿದ್ದಾರೆ, ಬೋರ್ಡು ಮುಂದಿನ ತಿಂಗಳಿಗೆ.

ಚಿಕ್ಕಪ್ಪನ ಮನೆಗೆ ನಿನ್ನೆ ಚಾಕಿ ಹುಳು, ಅಂದರೆ ಮರಿ ಹುಳು ಬಂದಿದೆ, ಎರಡನೇ ಜ್ವರ ಎದ್ದಿದೆ. ಚಳಿ ಹೆಚ್ಚಾಗದಿದ್ದರೆ ಇನ್ನು ಎರಡು ವಾರದೊಳಗೆ ಸದ್ದು ಶುರು. ಗುರುವಾರ ಸಂಜೆ ಫೋನ್ ಮಾಡಿ ಹೇಳುತ್ತೇನೆ.