ಉಸಿರು ಬಂದರೂ ಬಲ ಬಂದಿರುವುದಿಲ್ಲ

"ಎಂತ ಸರ್, ಒಂದು ಸೆಟ್ ಹೊಡೆದು ನಾಲ್ಕು ನಿಮಿಷ ಕೂತುಕೊಳ್ಳುದಾ? ಅಷ್ಟರಲ್ಲಿ ಮೈ ತಣ್ಣಗಾಗುದಿಲ್ವಾ? ಒಂದು ನಿಮಿಷ ಸಾಕಲ್ವಾ?"

ಮೈ ತಣ್ಣಗಾಗುವ ಚಿಂತೆ ಮಂಗಳೂರಿನವರಿಗೆ ಬೇಡ. ಏಪ್ರಿಲ್ ಸೆಕೆಯಲ್ಲಿ ಫ್ಯಾನಿನ ಕೆಳಗೆ ಸುಮ್ಮನೆ ಕೂತರೂ ಬೆವರು ಇಳಿಯುವ ಊರಿದು. ನಾಲ್ಕು ನಿಮಿಷದಲ್ಲಿ ತೊಡೆಯ ಸ್ನಾಯು ತಣಿಯುವುದಿಲ್ಲ. ಒಂದು ನಿಮಿಷದ ಮಾತಿಗೆ ಬಂದರೆ, ಐದು ರೆಪ್ ಆದ ಮೇಲೆ ಆರನೆಯದು ಏಳುವುದೇ ಕಷ್ಟ ಎನ್ನುವಂಥ ಭಾರಕ್ಕೆ ಅದು ಸಾಲದು. ಮೂರರಿಂದ ಐದು ನಿಮಿಷ ಬೇಕು. ವಾರ್ಮ್ಅಪ್‌ಗೆ, ಹಗುರದ ಬೈಸೆಪ್ಸ್ ಕರ್ಲ್‌ಗೆ ಈ ಲೆಕ್ಕ ಇಲ್ಲ. ಅಲ್ಲಿ ನಿಮ್ಮ ಒಂದು ನಿಮಿಷವೇ ಇರಲಿ.

ನನ್ನ ಹತ್ತಿರ ಬರುವ ಹುಡುಗನೊಬ್ಬನ ಡೈರಿಯನ್ನೇ ನೋಡಿ. 100 ಕೆ.ಜಿ. ಸ್ಕ್ವಾಟ್, ಐದೈದರ ಮೂರು ಸೆಟ್ ಅಂತ ಬರೆದುಕೊಟ್ಟಿದ್ದೆ. ಅವನು ಮೊಬೈಲಿನಲ್ಲಿ ಅರವತ್ತು ಸೆಕೆಂಡಿನ ಟೈಮರ್ ಇಟ್ಟುಕೊಂಡು ಮಾಡಿದ. ಮೊದಲ ಸೆಟ್ ಐದು, ಎರಡನೆಯದು ಮೂರು, ಮೂರನೆಯದು ಎರಡು. "ನನಗೆ ತಾಕತ್ತು ಕಡಿಮೆಯಾಗಿದೆ ಸರ್" ಅಂತ ಮುಖ ಸಣ್ಣ ಮಾಡಿಕೊಂಡ. ಮುಂದಿನ ವಾರ ಅದೇ ಭಾರ, ಟೈಮರ್ ಮಾತ್ರ ನಾಲ್ಕು ನಿಮಿಷ. ಐದು, ಐದು, ನಾಲ್ಕು. ಒಂದು ವಾರದಲ್ಲಿ ತಾಕತ್ತು ಬೆಳೆದದ್ದಲ್ಲ. ಮೊದಲ ವಾರ ಇದ್ದದ್ದನ್ನೇ ಬಳಸಲು ಬಿಟ್ಟಿರಲಿಲ್ಲ, ಅಷ್ಟೇ.

ಸ್ನಾಯು ಎಳೆಯುವುದು ಎಟಿಪಿ ಎಂಬ ಇಂಧನದ ಬಲದಲ್ಲಿ. ಪೂರ್ತಿ ಜೋರಿನಲ್ಲಿ ಎತ್ತುವಾಗ, ಸ್ನಾಯುವಿನೊಳಗೆ ಇಟ್ಟಿರುವ ಎಟಿಪಿ ಎರಡು ಮೂರು ಸೆಕೆಂಡಿಗೂ ಬರುವುದಿಲ್ಲ. ಆಗ ಕೈಸಾಲ ಕೊಡುವುದು ಫಾಸ್ಫೊಕ್ರಿಯೇಟಿನ್. ಅದು ತನ್ನ ಫಾಸ್ಫೇಟನ್ನು ಅಲ್ಲೇ ಬಿಟ್ಟುಕೊಟ್ಟು ಖರ್ಚಾದ ಎಟಿಪಿಯನ್ನು ತಕ್ಷಣ ತುಂಬುತ್ತದೆ. ಗಂಟು ಮಾತ್ರ ಸಣ್ಣದು, ಹತ್ತು ಸೆಕೆಂಡಿನ ಆಚೀಚೆ ಕರಗುತ್ತದೆ. ಸಕ್ಕರೆ ಒಡೆದು ಎಟಿಪಿ ಮಾಡುವ ಇನ್ನೊಂದು ದಾರಿಯೂ ಉಂಟು. ಅದು ಸೊಸೈಟಿ ಸಾಲದ ಹಾಗೆ: ದೊಡ್ಡ ಮೊತ್ತ ಸಿಗುತ್ತದೆ, ಆದರೆ ಕೈಗೆ ಬರುವ ವೇಗ ಕೈಸಾಲದ ಹೆಚ್ಚುಕಡಿಮೆ ಅರ್ಧ. ಭಾರದ ಬಾರ್ ತಳದಿಂದ ಏಳಬೇಕಾದ ಆ ಒಂದು ಸೆಕೆಂಡಿನಲ್ಲಿ ಅರ್ಧ ವೇಗ ಸಾಲುವುದಿಲ್ಲ.

ಕೈಸಾಲ ತೀರಿಸುವುದು ಆಮ್ಲಜನಕ. ವಿಶ್ರಾಂತಿಯಲ್ಲಿ ಜೀವಕೋಶದೊಳಗಿನ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾ ಉಸಿರಿನ ಆಮ್ಲಜನಕ ಬಳಸಿ ಎಟಿಪಿ ಮಾಡಿ, ಅದರಿಂದ ಫಾಸ್ಫೊಕ್ರಿಯೇಟಿನನ್ನು ಮತ್ತೆ ಕಟ್ಟುತ್ತವೆ. ದಣಿದ ಕಾಲಿಗೆ ಪಟ್ಟಿ ಬಿಗಿದು ರಕ್ತ ಹರಿಯದಂತೆ ತಡೆದು ನೋಡಿದ ಪ್ರಯೋಗಗಳಿವೆ: ಪಟ್ಟಿ ಇರುವಷ್ಟು ಹೊತ್ತು ಫಾಸ್ಫೊಕ್ರಿಯೇಟಿನ್ ಮರಳುವುದೇ ಇಲ್ಲ. ಮಂಡಿಗೆ ನೀ-ರ‍್ಯಾಪ್ ಬಿಗಿದುಕೊಂಡು ರೆಸ್ಟಿನಲ್ಲೂ ಬಿಚ್ಚದೆ ಕೂರುವವರನ್ನು ಕಂಡಾಗ ನನಗೆ ಇದೇ ನೆನಪಾಗುವುದು. ರ‍್ಯಾಪ್ ಅಷ್ಟು ಪೂರ್ತಿ ತಡೆಯುವುದಿಲ್ಲ, ನಿಜ. ಆದರೂ ಬಿಚ್ಚಿ, ಬೆಲ್ಟ್ ಸಡಿಲಿಸಿ, ಎರಡು ಹೆಜ್ಜೆ ಆಚೀಚೆ ನಡೆಯಿರಿ ಮಾರಾಯ್ರೆ.

ಇನ್ನು ಲೆಕ್ಕ. ಐದು ರೆಪ್‌ಗೆ ಇಪ್ಪತ್ತರಿಂದ ಇಪ್ಪತ್ತೈದು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಫಾಸ್ಫೊಕ್ರಿಯೇಟಿನ್ ನೂರರಲ್ಲಿ ಅರವತ್ತು ಪಾಲು ಖರ್ಚಾಯಿತು ಅಂತ ಇಟ್ಟುಕೊಳ್ಳೋಣ. ಹಗುರದ ಕೆಲಸವಾದ ಮೇಲೆ, ಖಾಲಿಯಾದದ್ದರ ಅರ್ಧ ತುಂಬಲು ಅರ್ಧ ನಿಮಿಷವೇ ಸಾಕು. ಕಡು ಕೆಲಸವಾದರೆ ಸ್ನಾಯುವಿನೊಳಗೆ ಆಮ್ಲ ಏರಿರುತ್ತದೆ, ತುಂಬುವಿಕೆ ನಿಧಾನವಾಗುತ್ತದೆ. ಮೂವತ್ತು ಸೆಕೆಂಡು ಪ್ರಾಣ ಬಿಟ್ಟು ಸೈಕಲ್ ತುಳಿಸಿ ಸ್ನಾಯುವಿನ ಚೂರು ತೆಗೆದು ಅಳೆದಾಗ, ಒಂದೂವರೆ ನಿಮಿಷಕ್ಕೆ 65 ಶೇಕಡಾ, ಆರು ನಿಮಿಷವಾದರೂ 85ರ ಆಸುಪಾಸಷ್ಟೇ ತುಂಬಿತ್ತು. ನಮ್ಮ ಐದರ ಸೆಟ್ ಇವೆರಡರ ನಡುವಿನದು. ಅರ್ಧ ತುಂಬಲು ಒಂದು ನಿಮಿಷ ಎಂದು ಹಿಡಿದರೆ, ಅರವತ್ತರ ಕೊರತೆ ಒಂದು ನಿಮಿಷಕ್ಕೆ ಮೂವತ್ತು, ಎರಡಕ್ಕೆ ಹದಿನೈದು, ಮೂರಕ್ಕೆ ಏಳೂವರೆ, ನಾಲ್ಕಕ್ಕೆ ನಾಲ್ಕಕ್ಕಿಂತ ಕಡಿಮೆ.

ಈಗ ಹುಡುಗನ ಮೊದಲ ವಾರ ನೋಡಿ. ಒಂದು ನಿಮಿಷಕ್ಕೇ ಎದ್ದು ಬಾರ್ ಹಿಡಿದಾಗ ಕೈಯಲ್ಲಿದ್ದದ್ದು ಎಪ್ಪತ್ತು. ಎರಡನೆಯ ಸೆಟ್‌ಗೂ ಅರವತ್ತು ಬೇಕು. ಲೆಕ್ಕದ ಪುಸ್ತಕದಲ್ಲಿ ಹತ್ತು ಉಳಿಯಬೇಕು, ಆದರೆ ಸ್ನಾಯು ತಳ ಕೆರೆಯುವ ತನಕ ಅದೇ ಜೋರಿನಲ್ಲಿ ಕೊಡುವುದಿಲ್ಲ. ಫಾಸ್ಫೊಕ್ರಿಯೇಟಿನ್ ಒಡೆದಾಗ ಬಿಡುಗಡೆಯಾದ ಫಾಸ್ಫೇಟ್ ಅಲ್ಲೇ ಸೇರಿಕೊಂಡು, ಎಳೆಗಳು ಒಂದನ್ನೊಂದು ಹಿಡಿದೆಳೆಯುವ ಬಲವನ್ನೇ ತಗ್ಗಿಸುತ್ತದೆ. ಹಾಗಾಗಿ ಮೂರಕ್ಕೇ ನಿಂತಿತು. ಎರಡನೆಯ ವಾರ ಅದೇ ಎರಡನೆಯ ಸೆಟ್ಟನ್ನು ಅವನು ಶುರು ಮಾಡಿದ್ದು 96ರಿಂದ. ಮೂರು ನಿಮಿಷಕ್ಕೆ ಸಿಗುವುದು 92, ಐದಕ್ಕೆ 98. ಮೂರರ ಮೇಲೆ ಪ್ರತಿ ನಿಮಿಷಕ್ಕೂ ಸಿಗುವುದು ಕಡಿಮೆಯಾಗುತ್ತಾ ಹೋಗುವುದರಿಂದಲೇ ನಾನು ಹತ್ತು ನಿಮಿಷ ಕೂರಿಸುವುದಿಲ್ಲ. ನಾಲ್ಕೈದು ನಿಮಿಷ ಕೊಟ್ಟೂ ಎರಡನೆಯ ಸೆಟ್ಟಿನಲ್ಲೇ ಎರಡು ಮೂರು ರೆಪ್ ಬಿದ್ದರೆ ತಪ್ಪು ಗಡಿಯಾರದ್ದಲ್ಲ, ಪ್ಲೇಟಿನದ್ದು. ಐದು ಕೆ.ಜಿ. ಇಳಿಸಿ.

ಎಲ್ಲರೂ ಮೋಸ ಹೋಗುವುದು ಉಸಿರಿನ ವಿಷಯದಲ್ಲಿ. ಒಂದೂವರೆ ನಿಮಿಷಕ್ಕೆ ಏದುಸಿರು ಇಳಿಯುತ್ತದೆ, ಕೈಗಡಿಯಾರದಲ್ಲಿ ಹೃದಯಬಡಿತವೂ ಇಳಿದು ಕಾಣುತ್ತದೆ, "ರೆಡಿ" ಅನಿಸುತ್ತದೆ. ತೊಡೆಯೊಳಗಿನ ಕೊರತೆ ಎದೆಗೆ ಗೊತ್ತಾಗುವುದಿಲ್ಲ. ನಾನು ನೋಡುವುದು ಬಾರಿನ ವೇಗವನ್ನು. ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಪಕ್ಕದಿಂದ ವಿಡಿಯೊ ಮಾಡಿ. ಪ್ರತಿ ಸೆಟ್ಟಿನ ಮೊದಲ ರೆಪ್ ಮಾತ್ರ ತೆಗೆದುಕೊಳ್ಳಿ; ತಳದಿಂದ ಪೂರ್ತಿ ನಿಲ್ಲುವವರೆಗೆ ಎಷ್ಟು ಹಿಡಿಯಿತು ನೋಡಿ. ಆ ಹುಡುಗನದ್ದು ಮೊದಲ ಸೆಟ್‌ನಲ್ಲಿ ಸುಮಾರು ಒಂದು ಸೆಕೆಂಡ್ ಇತ್ತು, ಒಂದು ನಿಮಿಷದ ರೆಸ್ಟಿನ ನಂತರ ಒಂದೂವರೆಗೆ ಬಂತು. ಮಂಡಿ ನೇರವಾಗುವ ಅರ್ಧದಾರಿಯಲ್ಲಿ ಬಾರ್ ಒಂದು ಕ್ಷಣ ನಿಂತೇ ಬಿಟ್ಟಿತ್ತು, ಅದೂ ಮೊದಲ ರೆಪ್‌ನಲ್ಲಿ! ಅವನಿಗೆ ಇದು ಗೊತ್ತೇ ಆಗಿರಲಿಲ್ಲ. ನಾಲ್ಕು ನಿಮಿಷ ಕೊಟ್ಟಾಗ ಮೊದಲಿನಷ್ಟೇ ವೇಗವಾಗಿ ಎದ್ದ.

"ಹಾಗಾದರೆ ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ?" ಅಂತ ಕೇಳುವವರಿದ್ದಾರೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದ ಮೇಲೆ ಇಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಒಬ್ಬನೇ ಬೆನ್ನುಬೆನ್ನಿಗೆ ಎತ್ತಬೇಕಾದರೆ ಗಡಿಯಾರ ಕೊಡುವುದು ಎರಡೇ ನಿಮಿಷ. ಆದರೆ ಅಲ್ಲಿ ಎತ್ತುವುದು ಒಂದೇ ಸಲ, ಕೆಲವೇ ಸೆಕೆಂಡಿನ ಕೆಲಸ. ಖರ್ಚೇ ಕಡಿಮೆ, ಹಾಗಾಗಿ ಎರಡು ನಿಮಿಷಕ್ಕೆ ಬಹುಪಾಲು ತುಂಬಿರುತ್ತದೆ.

ಸಂಜೆ ಆರರಿಂದ ಎಂಟರವರೆಗೆ ರ‍್ಯಾಕ್‌ಗೆ ಕ್ಯೂ ಇರುವಾಗ ನಾಲ್ಕು ನಿಮಿಷ ಕೂರಲು ಮುಜುಗರ, ನನಗೂ ಗೊತ್ತು. ಸುಮಾರು ಒಂದೇ ಭಾರ ಎತ್ತುವ ಇನ್ನಿಬ್ಬರನ್ನು ಸೇರಿಸಿಕೊಳ್ಳಿ. ಒಬ್ಬರ ಸೆಟ್ ಅರ್ಧ ನಿಮಿಷ, ಪ್ಲೇಟ್ ಬದಲಿಸಿ ಬಾರ್ ಕೆಳಗೆ ನಿಲ್ಲಲು ಇನ್ನೊಂದು ನಿಮಿಷ. ಇಬ್ಬರದು ಮುಗಿದು ನಿಮ್ಮ ಸರದಿ ಬರುವಾಗ, ನಿಮ್ಮದೂ ಪ್ಲೇಟ್ ಹಾಕಿ ನಿಲ್ಲುವಷ್ಟರಲ್ಲಿ, ಟೈಮರ್ ನೋಡದೆಯೇ ನಾಲ್ಕು ನಿಮಿಷ ಆಗಿರುತ್ತದೆ.