ಎದೆ ಒತ್ತಿದರೆ ನೋವು: "ಇದೇ ನೋವಾ?"

12 ಮಾರ್ಚ್ 2026, ಗುರುವಾರ

ಎದೆಯ ಮೇಲೆ ಬೆರಳಿಟ್ಟು ಒತ್ತಿದಾಗ ನೋವಾದರೆ ಅದು ಎಲುಬಿನದು, ಹೃದಯದ್ದಲ್ಲ ಎಂಬ ಮಾತು ಬಹಳ ಜನರ ಬಾಯಲ್ಲಿದೆ. ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಯಾರ ಎದೆಯನ್ನೇ ಆಗಲಿ ಜೋರಾಗಿ ಒತ್ತಿ ನೋಡಿ, ಎಲ್ಲೋ ಒಂದು ಕಡೆ ನೋಯುತ್ತದೆ. ಹಾಗಾಗಿ "ನೋಯುತ್ತಾ?" ಎಂದು ಕೇಳಿ ಕೈಬಿಟ್ಟರೆ ಸಾಲದು. "ನಿಮ್ಮನ್ನ ಕಾಡ್ತಾ ಇರೋದು ಇದೇ ನೋವಾ?" ಎಂದು ಕೇಳಬೇಕು. ಇವತ್ತಿನ ಪುಟ ಈ ಒಂದು ಪ್ರಶ್ನೆಗೆ ಮೀಸಲು.

ಪಕ್ಕೆಲುಬು ಬೆನ್ನಿನಿಂದ ಸುತ್ತಿಕೊಂಡು ಮುಂದೆ ಬಂದರೂ ಎದೆಮೂಳೆಯನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಮೃದ್ವಸ್ಥಿಯ ಒಂದು ತುಂಡು ಇರುತ್ತದೆ, ಎಲುಬಿಗಿಂತ ಮೆತ್ತಗೆ, ಸ್ವಲ್ಪ ಬಾಗಬಲ್ಲದ್ದು. ಉಸಿರೆಳೆದಾಗ ಎದೆಗೂಡು ಅಗಲವಾಗುವುದು ಈ ತುಂಡುಗಳು ಬಾಗಿಕೊಡುವುದರಿಂದ. ಅವು ಸೇರುವ ಜಾಗದಲ್ಲಿ ಉರಿಯೂತವಾದರೆ ಅದೇ ಕಾಸ್ಟೊಕಾಂಡ್ರೈಟಿಸ್. ಸಾಮಾನ್ಯವಾಗಿ ಎರಡರಿಂದ ಐದನೆಯ ಪಕ್ಕೆಲುಬಿನವರೆಗೆ, ಒಂದೇ ಬದಿಯಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ಆಗುತ್ತದೆ. ವಾರಗಟ್ಟಲೆ ಕೆಮ್ಮಿದ ಮೇಲೆ, ಅಭ್ಯಾಸವಿಲ್ಲದ ಭಾರ ಎತ್ತಿದ ಮೇಲೆ ಬರುವುದುಂಟು. ಕಾರಣವೇ ಸಿಗದಿರುವುದೂ ಉಂಟು. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ರಕ್ತಪರೀಕ್ಷೆಯೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೊನೆಗೆ ನೆಚ್ಚಿಕೊಳ್ಳಬೇಕಾದದ್ದು ಬೆರಳನ್ನು ಮತ್ತು ಮಾತನ್ನು.

ಬೆರಳಿಡುವುದಕ್ಕೂ ಒಂದು ಕ್ರಮವಿದೆ. ಕುತ್ತಿಗೆಯ ಬುಡದಲ್ಲಿರುವ ಗುಳಿಯಿಂದ ಎದೆಮೂಳೆಯ ಮೇಲೆಯೇ ಬೆರಳನ್ನು ಕೆಳಗೆ ಜಾರಿಸಿ. ನಾಲ್ಕೈದು ಸೆಂಟಿಮೀಟರ್ ದಾಟುವಷ್ಟರಲ್ಲಿ ಅಡ್ಡಲಾಗಿ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಬಂದು ಸೇರುವುದೇ ಎರಡನೆಯ ಪಕ್ಕೆಲುಬು. ಅಲ್ಲಿಂದ ಒಂದೊಂದೇ ಎಣಿಸುತ್ತ ಕೆಳಗಿಳಿಯಬಹುದು. ಅಂಗೈಯಿಂದ ಅದುಮಬಾರದು, ಒಂದೇ ಬೆರಳಿನ ತುದಿಯಿಂದ, ಉಗುರಿನ ಅಂಚು ಬಿಳಿಚುವಷ್ಟು ಒತ್ತಿದರೆ ಸಾಕು. ನೋವಿಲ್ಲದ ಬದಿಯಿಂದ ಶುರುಮಾಡಿದರೆ, ಆ ವ್ಯಕ್ತಿಗೆ ಬರೀ ಒತ್ತಡ ಹೇಗನಿಸುತ್ತದೆ ಎಂಬ ಅಳತೆ ಮೊದಲೇ ಸಿಗುತ್ತದೆ. ಆಮೇಲೆ ಇನ್ನೊಂದು ಬದಿಯ ಅದೇ ಜಾಗ, ಅದೇ ಒತ್ತಡ, ಮತ್ತು ಆ ಪ್ರಶ್ನೆ.

ಎರಡು ಉದಾಹರಣೆ ಕಟ್ಟಿಕೊಂಡು ನೋಡೋಣ.

ಮೊದಲನೆಯವರು 36 ವರ್ಷದ ಹೆಂಗಸು. ಎರಡು ವಾರ ಕೆಮ್ಮಿದ್ದಾರೆ. ಈಗ ಎಡ ಎದೆಯಲ್ಲಿ ಚುಚ್ಚುವ ನೋವು. ಮಗ್ಗುಲು ಬದಲಿಸಿದರೆ, ಮೇಲಿನ ಶೆಲ್ಫಿಗೆ ಕೈ ಚಾಚಿದರೆ, ಜೋರಾಗಿ ಉಸಿರೆಳೆದರೆ ಹಿಡಿಯುತ್ತದೆ. ಬರಿಗೈಲಿ ಎರಡು ಮಹಡಿ ಹತ್ತಿದರೆ ಏನೂ ಆಗುವುದಿಲ್ಲ. ಮೂರು ಮತ್ತು ನಾಲ್ಕನೆಯ ಪಕ್ಕೆಲುಬಿನ ಸೇರುವೆಯನ್ನು ಒತ್ತಿದ ಕೂಡಲೇ "ಹಾಂ, ಇದೇ, ಇಲ್ಲೇ" ಎನ್ನುತ್ತಾರೆ. ಜಾಗ ತೋರಿಸುವುದೂ ಒಂದೇ ಬೆರಳಿನಿಂದ.

ಎರಡನೆಯವರು 58 ವರ್ಷದ ಗಂಡಸು. ಭಾನುವಾರ ಕಪಾಟು ಎತ್ತಿದ್ದಾರೆ, ನೋವಿಗೆ ಅದೇ ಕಾರಣ ಎಂದು ನಂಬಿದ್ದಾರೆ. ಮೂರನೆಯ ಪಕ್ಕೆಲುಬಿನ ಹತ್ತಿರ ಒತ್ತಿದರೆ ಮುಖ ಹಿಂಡುತ್ತಾರೆ. ಇಲ್ಲಿಗೇ ಬಿಟ್ಟರೆ ಕಾಸ್ಟೊಕಾಂಡ್ರೈಟಿಸ್ ಎಂದು ಬರೆದು ಕಳಿಸಬಹುದು. ಆದರೆ ಆ ಪ್ರಶ್ನೆ ಕೇಳಿದಾಗ ಬರುವ ಉತ್ತರ ಬೇರೆ: "ಇಲ್ಲೂ ನೋಯುತ್ತೆ. ಆದ್ರೆ ಬೆಳಗ್ಗೆ ಬಂದಿದ್ದು ಇದಲ್ಲ." ಬೆಳಗ್ಗೆಯದು ಏರು ಹತ್ತುವಾಗ ಬಂದದ್ದು, ಎದೆಯ ನಡುವೆ ಭಾರ ಹೇರಿದ ಹಾಗೆ. ನಿಂತರೆ ಐದು ನಿಮಿಷದಲ್ಲಿ ಇಳಿಯಿತು. ಎಲ್ಲಿ ಎಂದರೆ ಬೆರಳು ತೋರಿಸುವುದಿಲ್ಲ, ಮುಷ್ಟಿಯನ್ನೇ ಎದೆಯ ಮೇಲಿಡುತ್ತಾರೆ. ಇವರಿಗೆ ಎರಡು ನೋವಿದೆ. ಸ್ನಾಯುವೋ ಮೃದ್ವಸ್ಥಿಯೋ ನೊಂದಿರುವುದು ನಿಜ, ಹೃದಯಕ್ಕೆ ರಕ್ತ ಸಾಲದಿರುವ ಸೂಚನೆಯೂ ಅಷ್ಟೇ ನಿಜ.

ಜರ್ಮನಿಯ ಮಾರ್ಬರ್ಗ್‌ನಲ್ಲಿ ಸಾಮಾನ್ಯ ವೈದ್ಯರಿಗೆಂದು ರೂಪಿಸಿದ ಒಂದು ಲೆಕ್ಕವಿದೆ. ಐದು ಅಂಶ, ಒಂದೊಂದಕ್ಕೆ ಒಂದು ಅಂಕ: ಗಂಡಸಾದರೆ 55, ಹೆಂಗಸಾದರೆ 65 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು, ಮೊದಲೇ ಗೊತ್ತಿರುವ ರಕ್ತನಾಳದ ಕಾಯಿಲೆ, ಶ್ರಮಪಟ್ಟಾಗ ಹೆಚ್ಚುವ ನೋವು, ಒತ್ತಿದಾಗ ಅದೇ ನೋವು ಮರುಕಳಿಸದಿರುವುದು, ಇದು ಹೃದಯದ್ದೇ ಎಂದು ಸ್ವತಃ ರೋಗಿಗೆ ಅನಿಸುವುದು. ಎರಡರವರೆಗೆ ಬಂದರೆ ಹೃದಯದ ತೊಂದರೆಯ ಸಂಭವ ಕಡಿಮೆ, ಮೂರು ಅಥವಾ ಹೆಚ್ಚಾದರೆ ಮುಂದಿನ ಪರೀಕ್ಷೆ ಬೇಕು. ಕಪಾಟು ಎತ್ತಿದವರಿಗೆ ವಯಸ್ಸಿಗೆ ಒಂದು, ಶ್ರಮಕ್ಕೆ ಒಂದು, ಒತ್ತಿದ ನೋವು ಬೇರೆಯದಾದ್ದರಿಂದ ಒಂದು, ಒಟ್ಟು ಮೂರು. "ಒತ್ತಿದರೆ ನೋಯುತ್ತೆ" ಎಂದಷ್ಟೇ ಬರೆದುಕೊಂಡಿದ್ದರೆ ಎರಡಕ್ಕೆ ಇಳಿದು ಅವರು ಸುರಕ್ಷಿತರ ಸಾಲಿಗೆ ಸೇರಿಬಿಡುತ್ತಿದ್ದರು. ಒಂದು ಪ್ರಶ್ನೆ ಬಿಟ್ಟುಹೋದರೆ ಆಗುವ ವ್ಯತ್ಯಾಸ ಅಷ್ಟು.

ಇದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಿ ನಿಶ್ಚಿಂತೆಯಾಗಲು ಹೇಳುತ್ತಿಲ್ಲ. ಹೃದಯಾಘಾತವಾದವರಲ್ಲೂ ಕೆಲವರಿಗೆ ಎದೆ ಒತ್ತಿದಾಗ ನೋವಿರುತ್ತದೆ. ಮೊದಲ ಇಸಿಜಿ ಸರಿಯಾಗಿದ್ದರೂ ಆಘಾತ ಇಲ್ಲವೆಂದಲ್ಲ. ಆ ಕಾರಣಕ್ಕೇ ಟ್ರೊಪೊನಿನ್ ಎಂಬ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಮಾಡುವುದು. ನೋವಿನ ಮಾತ್ರೆಗೆ ತಗ್ಗಿತು ಎಂಬುದರಿಂದಲೂ ಏನೂ ಸಾಬೀತಾಗುವುದಿಲ್ಲ. ಹೃದಯದ ನೋವು ತಾನಾಗಿಯೇ ಬಂದು ಹೋಗಬಲ್ಲದು. ಎದೆ ಹಿಂಡಿದಂತಾಗಿ ತಣ್ಣನೆ ಬೆವರು, ಏದುಸಿರು, ವಾಕರಿಕೆ, ತಲೆ ಸುತ್ತು, ದವಡೆಗೋ ತೋಳಿಗೋ ಹರಿಯುವ ನೋವು ಇದ್ದರೆ ಒತ್ತಿ ನೋಡುತ್ತ ಕೂರಬಾರದು, ಆಂಬುಲೆನ್ಸ್ ಕರೆಸಬೇಕು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರೀ ಏದುಸಿರು, ಸುಸ್ತು ಬರಬಹುದು.

ಕಾಸ್ಟೊಕಾಂಡ್ರೈಟಿಸ್ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಚಿಕಿತ್ಸೆ ಸರಳ. ದೊಡ್ಡವರಿಗೆ ಸಾಮಾನ್ಯವಾಗಿ ಐಬುಪ್ರೊಫೇನ್ 400 ಮಿಲಿಗ್ರಾಂ, ಊಟದ ಜೊತೆ, ದಿನಕ್ಕೆ ಮೂರು ಸಲ, ಕೆಲವು ದಿನ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇದ್ದವರಿಗೆ, ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ, ಗರ್ಭಿಣಿಯರಿಗೆ ಇದು ಬೇಡ. ಪ್ಯಾರಾಸಿಟಮಾಲ್ ವಾಸಿ. ಹದಿನೈದು ನಿಮಿಷ ಬಿಸಿ ಶಾಖ, ದಿನಕ್ಕೆ ಎರಡು ಮೂರು ಸಲ. ದಂಡ ಹೊಡೆಯುವುದು, ಭಾರ ಎತ್ತುವುದು ಕೆಲವು ವಾರ ನಿಲ್ಲಬೇಕು. ಕೆಮ್ಮಿದ್ದರೆ ಮೊದಲು ಕೆಮ್ಮಿಗೆ ಮದ್ದು.

ಉಳುಕಿದ ಕಾಲಿಗೆ ವಿಶ್ರಾಂತಿ ಕೊಡಬಹುದು, ಪಕ್ಕೆಲುಬಿಗೆ ಹೇಗೆ ಕೊಡುವುದು? ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಅದು ಅಲುಗಾಡುತ್ತಲೇ ಇರುತ್ತದೆ. ಹಾಗಾಗಿ ಗುಣವಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ನೋಯುವ ಜಾಗ ಕಣ್ಣಿಗೆ ಕಾಣುವಂತೆ ಊದಿಕೊಂಡರೆ ಅದು ಬೇರೆ, 1921ರಲ್ಲಿ ಟೀಟ್ಸೆ ಎಂಬ ಜರ್ಮನ್ ಶಸ್ತ್ರವೈದ್ಯರು ವಿವರಿಸಿದ ಸ್ಥಿತಿ ಇರಬಹುದು. ಊತ, ಕೆಂಪು, ಜ್ವರ ಕಂಡರೆ ಮತ್ತೆ ತೋರಿಸಬೇಕು. ಮುಟ್ಟಿದರೆ ಉರಿಯುವ ಪಟ್ಟಿಯಂಥ ನೋವಾದರೆ ಸರ್ಪಸುತ್ತಿನ ಗುಳ್ಳೆ ಇನ್ನೂ ಏಳದಿರಬಹುದು.

ಗುಣವಾಗುವುದನ್ನು ತಡಮಾಡುವ ಇನ್ನೊಂದು ಕಾರಣ ನಮ್ಮದೇ ಬೆರಳು. ಹೆದರಿದವರು ನೋವು ಇನ್ನೂ ಇದೆಯೇ ಎಂದು ದಿನಕ್ಕೆ ಹತ್ತಾರು ಸಲ ಅದೇ ಜಾಗವನ್ನು ಒತ್ತಿ ನೋಡುತ್ತಾರೆ. ಪ್ರತಿ ಒತ್ತಿಗೂ ಜಾಗ ಇನ್ನಷ್ಟು ನೋಯುತ್ತದೆ, ನೋಯುವುದರಿಂದ ಇನ್ನಷ್ಟು ಒತ್ತುತ್ತಾರೆ. ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ಒಂದೇ ಸಲ, ಮೆಲ್ಲಗೆ ಮುಟ್ಟಿ ನೋಡಿದರೆ ಸಾಕು.